ಕೊನೆಯ ಮೆಟ್ಟಿಲು ಕಾಣಲಿಲ್ಲ: ಪೊರೆ ಶುರುವಾದ ಕಣ್ಣಿಗೆ ಕನ್ನಡಕ ಹುಡುಕಿದ ಒಂದು ಪ್ರಕರಣ

ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವುದು ನನ್ನ ಕೆಲಸ. ಇಲ್ಲಿ ಹೇಳುತ್ತಿರುವುದು 74 ವರ್ಷದ ಒಬ್ಬ ತಾಯಿಯ ವಿಷಯ. ಅವರನ್ನು ಕರೆತಂದದ್ದು ಮಗಳು. ಗುರುತು ಸಿಗಬಾರದು ಅಂತ ವಯಸ್ಸನ್ನೂ ಮನೆಯ ಕೆಲವು ವಿವರಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಏನಾಯಿತು, ಯಾವುದರ ನಂತರ ಯಾವುದಾಯಿತು ಅನ್ನುವುದನ್ನು ಮಾತ್ರ ಮುಟ್ಟಿಲ್ಲ.

ಹಿನ್ನೆಲೆ

ಈ ತಾಯಿ ಹದಿನೈದು ವರ್ಷದಿಂದ ಬೈಫೋಕಲ್ ಕನ್ನಡಕ ಹಾಕುತ್ತಿದ್ದರು. ಮೇಲೆ ದೂರದ್ದು, ಕೆಳಗೆ ಓದುವುದಕ್ಕೆ. ನಾಲ್ಕು ವರ್ಷದಿಂದ ನಂಬರ್ ನೋಡಿಸಿರಲಿಲ್ಲ. ದಿನಾ ಬೆಳಿಗ್ಗೆ ಒಬ್ಬರೇ ನಡೆಯಲು ಹೋಗುತ್ತಾರೆ. ಓದುವುದು ಇಷ್ಟ.

ಮೊದಲ ಬದಲಾವಣೆಯನ್ನು ಗಮನಿಸಿದ್ದು ಮಗಳು. ಅಮ್ಮ ಪತ್ರಿಕೆಯನ್ನು ಕನ್ನಡಕದ ಕೆಳಭಾಗದಲ್ಲಿ ಓದುವುದನ್ನು ಬಿಟ್ಟು ಮೇಲಿನ ಭಾಗದಲ್ಲೇ ಓದಲು ಶುರು ಮಾಡಿದ್ದರು. ಮನೆಯವರಿಗೆ ಖುಷಿಯಾಯಿತು. ಈ ವಯಸ್ಸಿನಲ್ಲಿ ಕಣ್ಣು ಸುಧಾರಿಸುತ್ತಿದೆ ಅಂದುಕೊಂಡರು. ನಿಜಕ್ಕೂ ಅದು ಪೊರೆಯ ಸುಳಿವು. ಪೊರೆ ಮಸೂರದ ನಡುವಿನ ತಿರುಳಲ್ಲಿ ಬೆಳೆದರೆ ಆ ತಿರುಳು ಗಟ್ಟಿಯಾಗುತ್ತದೆ, ಬೆಳಕನ್ನು ಜಾಸ್ತಿ ಬಾಗಿಸುತ್ತದೆ. ಕಣ್ಣಿನ ನಂಬರ್ ಮೈನಸ್ ಕಡೆಗೆ ಜಾರುತ್ತದೆ. ಹತ್ತಿರದ್ದು ಸಲೀಸಾಗಿ ಕಾಣುತ್ತದೆ, ದೂರದ್ದು ಮಂಜಾಗುತ್ತದೆ. ವಯಸ್ಸಾದವರು ಇದ್ದಕ್ಕಿದ್ದಂತೆ ಕನ್ನಡಕ ತೆಗೆದು ಓದತೊಡಗಿದರೆ ಸಂತೋಷಪಡುವ ಮೊದಲು ಒಮ್ಮೆ ಕಣ್ಣು ತೋರಿಸಬೇಕು.

ಕಣ್ಣಿನ ವೈದ್ಯರು ನೋಡಿದರು. ಎರಡೂ ಕಣ್ಣಲ್ಲಿ ಪೊರೆ ಶುರುವಾಗಿದೆ, ಬಲಗಣ್ಣಲ್ಲಿ ಸ್ವಲ್ಪ ಜಾಸ್ತಿ. ಕಣ್ಣಿನ ಒತ್ತಡ ಸರಿಯಿದೆ, ಒಳಗಿನ ಪರದೆ ಚೆನ್ನಾಗಿದೆ, ಸಕ್ಕರೆ ಕಾಯಿಲೆ ಇಲ್ಲ. ಆಪರೇಷನ್‌ಗೆ ಅವಸರವಿಲ್ಲ, ಸದ್ಯಕ್ಕೆ ಕನ್ನಡಕ ಬದಲಿಸಿ ಅಂದರು. ಸಕ್ಕರೆ ಕಾಯಿಲೆ ಇದ್ದಿದ್ದರೆ ನಾನು ಮೊದಲು ಅದು ಹತೋಟಿಯಲ್ಲಿದೆಯಾ ಅಂತ ಕೇಳುತ್ತಿದ್ದೆ. ಸಕ್ಕರೆ ಏರಿಳಿದರೆ ನಂಬರ್ ಕೂಡ ಏರಿಳಿಯುತ್ತದೆ, ಆಗ ಮಾಡಿಸಿದ ಕನ್ನಡಕ ಎರಡೇ ವಾರದಲ್ಲಿ ತಪ್ಪಾಗಬಹುದು.

ತೊಂದರೆ

ಮನೆಯವರು ಒಂದು ಅಂಗಡಿಯಲ್ಲಿ ಹೊಸ ಕನ್ನಡಕ ಮಾಡಿಸಿದರು. ಅಮ್ಮನಿಗೆ ಒಳ್ಳೆಯದೇ ಇರಲಿ ಅಂತ ಪ್ರೋಗ್ರೆಸಿವ್ ಲೆನ್ಸ್ ಆರಿಸಿದರು, ಅಂದರೆ ದೂರದ ನಂಬರ್ ಮೇಲಿಂದ ಕೆಳಕ್ಕೆ ನಿಧಾನವಾಗಿ ಓದುವ ನಂಬರ್ ಆಗುವಂಥದ್ದು. ಬಿಸಿಲಿಗೆ ತಾನಾಗಿ ಕಪ್ಪಾಗುವ ಗುಣ ಇತ್ತು. ಅಗಲ ಕಡ್ಡಿಯ ದಪ್ಪ ಫ್ರೇಮ್. ಅಂಗಡಿಯಲ್ಲಿ ಕೂತು ಬೋರ್ಡ್ ಓದಿದಾಗ ಅಕ್ಷರಗಳು ಸ್ಪಷ್ಟವಾಗಿಯೇ ಕಂಡವು.

ಮೂರು ವಾರದ ನಂತರ ನನ್ನ ಹತ್ತಿರ ಬಂದಾಗ ಅಮ್ಮನ ಮೊಣಕಾಲ ಮೇಲೆ ಕಲೆ ಇತ್ತು. ಬೆಳಗಿನ ನಡಿಗೆ ಮುಗಿಸಿ ಬಿಸಿಲಿನಿಂದ ಮನೆಯೊಳಗೆ ಬಂದಿದ್ದಾರೆ. ಒಳಗಿನ ಮೆಟ್ಟಿಲು ಇಳಿಯುವಾಗ ಕೊನೆಯದು ಮುಗಿಯಿತು ಅಂದುಕೊಂಡು ಕಾಲಿಟ್ಟಿದ್ದಾರೆ. ಇನ್ನೂ ಒಂದು ಇತ್ತು. ಮೆಟ್ಟಿಲ ಪಕ್ಕದ ಕಂಬಿ ಕೈಗೆ ಸಿಕ್ಕಿದ್ದರಿಂದ ಮೂಳೆ ಮುರಿಯಲಿಲ್ಲ.

"ನೋಡಮ್ಮ, ಈ ಕನ್ನಡಕ ಹಾಕಿದರೆ ನೆಲ ಒಂದು ಚೂರು ಕೆಳಗೆ ಹೋದ ಹಾಗಾಗುತ್ತೆ. ಮೆಟ್ಟಿಲು ಚಿಕ್ಕದಾಗಿ ಕಾಣುತ್ತೆ," ಅಂದರು ಅಮ್ಮ. "ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನನಗೇ ಧೈರ್ಯ ಇಲ್ಲ."

ಧೈರ್ಯದ ಮಾತೇ ಅಲ್ಲ ಅದು. ಅವರು ಹೇಳಿದ ಒಂದೊಂದು ಪದಕ್ಕೂ ಕಾರಣ ಇತ್ತು.

ಹಳೆಯ ಕನ್ನಡಕದಲ್ಲಿ ಬಲಗಣ್ಣಿಗೆ +1.00 ಇತ್ತು. ಹೊಸದರಲ್ಲಿ −1.25. ಎಡಗಣ್ಣಿಗೆ +1.25 ಇದ್ದದ್ದು +0.50 ಆಗಿತ್ತು. ಪ್ಲಸ್ ಲೆನ್ಸ್ ವಸ್ತುವನ್ನು ಸ್ವಲ್ಪ ದೊಡ್ಡದು ಮಾಡಿ ತೋರಿಸುತ್ತದೆ, ಮೈನಸ್ ಲೆನ್ಸ್ ಚಿಕ್ಕದು ಮಾಡುತ್ತದೆ. ಹದಿನೈದು ವರ್ಷದಿಂದ ಮೆಟ್ಟಿಲಿನ ಎತ್ತರವನ್ನು ಒಂದು ಅಳತೆಯಲ್ಲಿ ಕಂಡಿದ್ದ ಮಿದುಳಿಗೆ ಒಂದೇ ದಿನದಲ್ಲಿ ಬೇರೆ ಅಳತೆ ಬಂತು. ನೆಲ ಕೆಳಗೆ ಹೋದಂತೆ ಕಾಣುವುದು ಇದರಿಂದಲೇ.

ಇನ್ನೊಂದು ಕಾರಣ ಲೆನ್ಸಿನ ಬಗೆ. ಪ್ರೋಗ್ರೆಸಿವ್‌ನ ಕೆಳಭಾಗ ಸುಮಾರು 40 ಸೆಂಟಿಮೀಟರ್ ದೂರದ ಅಕ್ಷರ ಓದಲು ಇರುವುದು. ನಿಂತವರ ಪಾದ ಕಣ್ಣಿನಿಂದ ಒಂದೂವರೆ ಮೀಟರ್ ದೂರ. ತಲೆ ಬಗ್ಗಿಸದೆ ಕಣ್ಣು ಮಾತ್ರ ಕೆಳಗೆ ಹಾಯಿಸಿದರೆ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಬೈಫೋಕಲ್‌ನಲ್ಲೂ ಈ ತೊಂದರೆ ಇದೆ. ಆದರೆ ಅದರ ಗೆರೆ ಎಲ್ಲಿದೆ ಅಂತ ಅಮ್ಮನಿಗೆ ಗೊತ್ತಿತ್ತು, ಅದರ ಮೇಲಿಂದ ನೋಡುವುದು ರೂಢಿಯಾಗಿತ್ತು. ಪ್ರೋಗ್ರೆಸಿವ್‌ನಲ್ಲಿ ಗೆರೆ ಇಲ್ಲ. ಎರಡೂ ಪಕ್ಕದಲ್ಲಿ ನೋಟ ಅಲೆಯಾಡಿದಂತಾಗುವ ಜಾಗ ಬೇರೆ ಇದೆ. 74ನೇ ವಯಸ್ಸಿನಲ್ಲಿ ಮೊದಲ ಸಲ ಅದನ್ನು ಕಲಿಯುವುದು ಸುಲಭವಲ್ಲ.

ಮೂರನೆಯದು ಕಪ್ಪಾಗುವ ಗುಣ. ಬಿಸಿಲಲ್ಲಿ ಇಂಥ ಲೆನ್ಸ್ ಬೇಗ ಕಪ್ಪಾಗುತ್ತದೆ, ನೆರಳಿಗೆ ಬಂದ ಮೇಲೆ ತಿಳಿಯಾಗಲು ಕೆಲವು ನಿಮಿಷ ಬೇಕು. ಅಮ್ಮ ಒಳಗೆ ಬಂದು ಮೆಟ್ಟಿಲಿಗೆ ಹೋಗುವುದಕ್ಕೆ ಅರ್ಧ ನಿಮಿಷವೂ ಆಗಿರಲಿಲ್ಲ. ಕತ್ತಲೆಗೆ ಹೊಂದಿಕೊಳ್ಳಲು ವಯಸ್ಸಾದ ಕಣ್ಣಿಗೆ ಹೇಗೂ ಹೊತ್ತು ಬೇಕು. ಅದರ ಮೇಲೆ ಕಪ್ಪು ಗಾಜು.

ಪರೀಕ್ಷೆಯಲ್ಲಿ ಕಂಡದ್ದು

ಹಳೆಯ ಕನ್ನಡಕ ಹಾಕಿಸಿ ಬಲಗಣ್ಣಿನಿಂದ ಓದಿಸಿದೆ. 6/36, ಅಂದರೆ ಒಳ್ಳೆಯ ಕಣ್ಣು 36 ಮೀಟರ್‌ನಿಂದ ಓದುವ ಅಕ್ಷರವನ್ನು ಇವರು 6 ಮೀಟರ್‌ನಿಂದ ಓದಬೇಕು. ಕೆಳಗಿನ ಅಂಕಿ ಚಿಕ್ಕದಾದಷ್ಟೂ ನೋಟ ಚೆನ್ನ. ಅದೇ ಕಣ್ಣಿನ ಮುಂದೆ ಸಣ್ಣ ತೂತಿನ ಫಲಕ ಹಿಡಿದಾಗ 6/12. ಇದು ಸರಳವಾದ ಪರೀಕ್ಷೆ. ತೂತಿನಿಂದ ನೋಟ ಇಷ್ಟು ಸುಧಾರಿಸಿದರೆ ಮಂಜಿನಲ್ಲಿ ಹೆಚ್ಚಿನ ಪಾಲು ನಂಬರ್‌ನದ್ದು, ಕನ್ನಡಕದಿಂದ ಸರಿಯಾಗುತ್ತದೆ. ಸುಧಾರಿಸದೇ ಇದ್ದಿದ್ದರೆ ಹೊಸ ಕನ್ನಡಕದಿಂದ ಜಾಸ್ತಿ ಏನೂ ಸಿಗುವುದಿಲ್ಲ ಅಂತ ಅಲ್ಲೇ ಹೇಳಿ ವೈದ್ಯರ ಬಳಿ ವಾಪಸ್ ಕಳಿಸುತ್ತಿದ್ದೆ. ಸರಿಯಾದ ನಂಬರ್ ಹಾಕಿದಾಗ ಬಲಗಣ್ಣು 6/12, ಎಡಗಣ್ಣು 6/9 ಓದಿತು. ಅಂದರೆ ಅಂಗಡಿಯವರ ನಂಬರ್‌ನಲ್ಲಿ ತಪ್ಪಿರಲಿಲ್ಲ.

ಆಮೇಲೆ ಪೆನ್ ಟಾರ್ಚ್ ತೆಗೆದುಕೊಂಡು ಕಣ್ಣಿನ ಪಕ್ಕಕ್ಕೆ, ಸ್ವಲ್ಪ ಮೇಲೆ ಹಿಡಿದೆ. ಅದೇ ಬೋರ್ಡ್, ಅದೇ ನಂಬರ್. ಎರಡೂ ಕಣ್ಣಿಂದ 6/9 ಓದುತ್ತಿದ್ದವರು 6/24ಕ್ಕೆ ಇಳಿದರು. "ಬಿಳೀ ಪರದೆ ಬಿಟ್ಟ ಹಾಗಿದೆ" ಅಂದರು.

ಮಗಳು ಪಕ್ಕದಲ್ಲೇ ನಿಂತಿದ್ದಳು. ಸುಮ್ನೆ ಕೈ ಚಾಚಿ ಅಮ್ಮನ ಹುಬ್ಬಿನ ಮೇಲೆ ಅಡ್ಡ ಹಿಡಿದಳು. ಟಾರ್ಚಿನ ಬೆಳಕು ಕಣ್ಣಿಗೆ ಬೀಳುವುದು ನಿಂತಿತು. ಅಮ್ಮ ಮತ್ತೆ 6/9ರ ಸಾಲು ಓದಿದರು.

ಈ ಪ್ರಕರಣ ತಿರುಗಿದ್ದು ಅಲ್ಲಿಂದ. ಪೊರೆ ಇರುವ ಕಣ್ಣಿನಲ್ಲಿ ಬೆಳಕು ಚದುರುವುದು ಕಣ್ಣಿನ ಒಳಗೆ, ಮಸೂರದಲ್ಲಿ. ಚದುರಿದ ಬೆಳಕು ಒಳಪರದೆಯ ಮೇಲೆಲ್ಲ ಹರಡಿ ನೋಡುತ್ತಿರುವ ವಸ್ತುವಿನ ಗೆರೆಗಳನ್ನು ಮಂಕು ಮಾಡುತ್ತದೆ. ಕನ್ನಡಕದ ಗಾಜು ಕಣ್ಣಿನ ಹೊರಗಿದೆ. ಒಳಗೆ ಹೋಗಿ ಚದುರಿದ್ದನ್ನು ಯಾವ ಲೆನ್ಸೂ ಮತ್ತೆ ಒಟ್ಟು ಮಾಡಲಾರದು. ಬೇಡದ ಬೆಳಕು ಕಣ್ಣಿಗೆ ಹೋಗದ ಹಾಗೆ ತಡೆಯಬಹುದು ಅಷ್ಟೇ. ಅದಕ್ಕೆ ಒಂದು ಅಂಗೈ ಸಾಕಾಯಿತು.

ಮಗಳು ಕೋರೈಸದ ಕೋಟಿಂಗ್ ಬಗ್ಗೆ ಕೇಳಿದಳು. ಅದು ಬೇಡ ಅನ್ನಲಿಲ್ಲ. ಕೋಟಿಂಗ್ ಇಲ್ಲದ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್ ಬಿದ್ದ ಬೆಳಕಿನಲ್ಲಿ ಸುಮಾರು 8% ಪ್ರತಿಫಲಿಸುತ್ತದೆ. ಬೆನ್ನ ಹಿಂದಿನ ಕಿಟಕಿ ಕನ್ನಡಕದ ಒಳಮೈಯಲ್ಲಿ ಹೊಳೆಯುವುದು ಇದರಿಂದ. ಕೋಟಿಂಗ್ ಇದನ್ನು ತುಂಬಾ ಕಡಿಮೆ ಮಾಡುತ್ತದೆ. ಆದರೆ ಎದುರು ಬರುವ ವಾಹನದ ದೀಪದ ಸುತ್ತ ಕಾಣುವ ಪ್ರಭೆ ಇದರಿಂದ ಹೋಗುವುದಿಲ್ಲ, ಅದು ಪೊರೆಯದು. ರಾತ್ರಿಗೆ ಅಂತ ಮಾರುವ ಹಳದಿ ಗಾಜಿನ ಬಗ್ಗೆಯೂ ಕೇಳಿದಳು. ಅದನ್ನು ಬೇಡ ಅಂದೆ. ಮೊದಲೇ ಬೆಳಕು ಸಾಲದ ಹೊತ್ತಿನಲ್ಲಿ ಅದು ಇನ್ನಷ್ಟು ಬೆಳಕನ್ನು ಕದಿಯುತ್ತದೆ.

ಇನ್ನೊಂದು ಚಿಕ್ಕ ಸಂಗತಿ. ಹಳೆಯ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ತುಂಬಾ ಗೀರು. ಸೆರಗಿನಿಂದ ಒರೆಸಿ ಒರೆಸಿ ಆದದ್ದು. ಗೀರು, ಎಣ್ಣೆ ಕಲೆ ಎರಡೂ ಬೆಳಕನ್ನು ಪೊರೆಯ ಹಾಗೆಯೇ ಚದುರಿಸುತ್ತವೆ. ಮೊದಲು ನೀರಿನಲ್ಲಿ ದೂಳು ತೊಳೆದು, ಒಂದು ಹನಿ ಸೋಪು ಸವರಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಲು ತೋರಿಸಿಕೊಟ್ಟೆ.

ಎರಡು ಕನ್ನಡಕದ ತೀರ್ಮಾನ

ಎಲ್ಲಕ್ಕೂ ಒಂದೇ ಕನ್ನಡಕ ಅನ್ನುವುದನ್ನು ಕೈಬಿಟ್ಟೆವು. ನಡೆಯಲು ಒಂದು, ಕೂತು ಓದಲು ಒಂದು.

ಹೀಗೆ ಬೇರೆ ಮಾಡುವುದು ಎಲ್ಲರಿಗೂ ಹೊಂದುವುದಿಲ್ಲ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ದೊಡ್ಡ ಪ್ರಯೋಗದಲ್ಲಿ, ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಹಾಕುವ ಹಿರಿಯರಿಗೆ ಹೊರಗೆ ಓಡಾಡಲು ದೂರದ ನಂಬರ್ ಮಾತ್ರ ಇರುವ ಕನ್ನಡಕ ಕೊಟ್ಟಿದ್ದರು. ಹೊರಗೆ ಜಾಸ್ತಿ ಓಡಾಡುವವರಲ್ಲಿ ಬೀಳುವುದು ಕಡಿಮೆಯಾಯಿತು. ಹೊರಗೆ ಹೋಗುವುದೇ ಅಪರೂಪ ಅನ್ನುವವರಲ್ಲಿ ಹೊರಗಡೆ ಬೀಳುವುದು ಜಾಸ್ತಿಯಾಯಿತು. ಹಾಗಾಗಿ ನಾನು ಮೊದಲು ಕೇಳುವುದು ಅವರು ದಿನಾ ಎಷ್ಟು ನಡೆಯುತ್ತಾರೆ ಅಂತ. ಈ ಅಮ್ಮ ದಿನಾ ಹೊರಗೆ ಹೋಗುವವರು, ಅವರಿಗೆ ಇದು ಸರಿಹೋಗುತ್ತದೆ ಅನ್ನಿಸಿತು.

ಇನ್ನು ನಂಬರ್. ಬೀಳುವ ಅಪಾಯ ಇರುವ ಹಿರಿಯರಿಗೆ ಒಂದೇ ಸಲಕ್ಕೆ 0.75ಕ್ಕಿಂತ ಜಾಸ್ತಿ ಬದಲಾವಣೆ ಕೊಡದಿರಲು ನೋಡುತ್ತೇನೆ. ಎಡಗಣ್ಣಿನ ಬದಲಾವಣೆ ಸರಿಯಾಗಿ 0.75 ಇತ್ತು, ಪೂರ್ತಿ ಕೊಟ್ಟೆ. ಬಲಗಣ್ಣಿನದು 2.25. ಅದನ್ನು ಪೂರ್ತಿ ಕೊಟ್ಟರೆ ಎರಡು ಗಾಜಿನ ನಡುವೆ 1.75ರಷ್ಟು ವ್ಯತ್ಯಾಸ ಬರುತ್ತದೆ. ಕಣ್ಣು ಕೆಳಗೆ ಹಾಯಿಸಿದಾಗ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕಿಂತ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಮೆಟ್ಟಿಲಿನ ಅಂಚು ಎರಡಾಗಿಯೂ ಕಾಣಬಹುದು. ಬರೀ 0.75 ಕೊಟ್ಟರೆ ಬಲಗಣ್ಣು ದೂರಕ್ಕೆ ಮಂಜಾಗಿಯೇ ಉಳಿಯುತ್ತದೆ.

ನಂಬರ್ ಪರೀಕ್ಷಿಸುವ ಫ್ರೇಮ್‌ನಲ್ಲಿ ಬಲಗಣ್ಣಿನ ಗಾಜು ಬದಲಿಸುತ್ತಾ ಅಮ್ಮನನ್ನು ಕಾರಿಡಾರ್‌ನಲ್ಲಿ ನಡೆಸಿದೆ. ಮಗಳು ಕೈ ಹಿಡಿದು ಮೆಟ್ಟಿಲು ಹತ್ತಿಸಿ ಇಳಿಸಿದಳು. −1.25ಕ್ಕೆ ಅಮ್ಮ ಪ್ರತಿ ಮೆಟ್ಟಿಲಲ್ಲೂ ಕಾಲಿನಿಂದ ತಡವಿದರು. −0.25ಕ್ಕೆ ತಡವುವುದು ನಿಂತಿತು. ಎರಡೂ ಕಣ್ಣು ಸೇರಿ 6/9 ಹಾಗೇ ಉಳಿಯಿತು, ಯಾಕೆಂದರೆ ದೂರದ್ದನ್ನು ಎಡಗಣ್ಣು ನೋಡಿಕೊಳ್ಳುತ್ತಿತ್ತು. −0.25ಕ್ಕೇ ನಿಲ್ಲಿಸಿದೆವು. ಕುರ್ಚಿಯಲ್ಲಿ ಕೂತು ಓದುವ ಬೋರ್ಡಿನಿಂದ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಓದುವ ಕನ್ನಡಕಕ್ಕೆ ಎರಡೂ ಕಣ್ಣಿಗೆ ಪೂರ್ತಿ ನಂಬರ್ ಕೊಟ್ಟೆ. ಅದನ್ನು ಹಾಕಿಕೊಂಡು ಹೆಜ್ಜೆ ಇಡುವುದಿಲ್ಲ, ಅಲ್ವಾ?

ಫ್ರೇಮ್

ನಡೆಯುವ ಕನ್ನಡಕಕ್ಕೆ ಹಗುರವಾದ, ಸುತ್ತಲೂ ಅಂಚಿರುವ ಪ್ಲಾಸ್ಟಿಕ್ ಫ್ರೇಮ್ ಆರಿಸಿದೆವು. ಕಡ್ಡಿ ಸಣ್ಣದು, ಗಾಜಿನ ಮೇಲಂಚಿನ ಹತ್ತಿರ ಸೇರುವಂಥದ್ದು. ಅಂಗಡಿಯ ಫ್ರೇಮ್‌ನಲ್ಲಿ ಕಡ್ಡಿ ಬೆರಳಗಲ ಇತ್ತು, ಕಣ್ಣಿನ ಮಟ್ಟದಲ್ಲೇ ಇತ್ತು. ಪಕ್ಕದಿಂದ ಬರುವ ಸೈಕಲ್, ಬಾಗಿಲಿನ ಅಂಚು ಅದರ ಹಿಂದೆ ಮರೆಯಾಗುತ್ತಿದ್ದವು. ಅಂಚಿಲ್ಲದ ಫ್ರೇಮ್ ನೋಡಲು ಚೆಂದ. ಆದರೆ ಅದರಲ್ಲಿ ಗಾಜಿಗೇ ತೂತು ಕೊರೆದು ಸ್ಕ್ರೂ ಹಾಕುತ್ತಾರೆ, ಬಿದ್ದರೆ ಗಾಜು ಸೀಳುವುದು ಅಲ್ಲಿಂದಲೇ. ಮುಖಕ್ಕೆ ಪೆಟ್ಟು ಬಿದ್ದರೆ ಚೂರಾಗಬಾರದು ಅಂತ ಲೆನ್ಸ್ ಪಾಲಿಕಾರ್ಬೊನೇಟ್‌ನದ್ದು ಹಾಕಿಸಿದೆವು. ನಿಜವಾದ ಗಾಜಿನ ಲೆನ್ಸ್ ಈ ವಯಸ್ಸಿಗೆ ಬೇಡವೇ ಬೇಡ.

ಮೂಗಿನ ಮೇಲೆ ಸಿಲಿಕೋನ್ ಪ್ಯಾಡ್ ಇರಲಿ ಅಂದೆ. ಜಾರಿದ ಕನ್ನಡಕ ಅರ್ಧ ಸೆಂಟಿಮೀಟರ್ ಕೆಳಗೆ ಬಂದರೂ ಅದರ ಕೆಳಂಚು ಮೆಟ್ಟಿಲಿಗೆ ಅಡ್ಡ ಬರುತ್ತದೆ. ಪರೀಕ್ಷೆ ಹೀಗೆ ಮಾಡಿದೆವು: ಕೂತಲ್ಲೇ ಚಪ್ಪಲಿ ಹುಡುಕುವವರ ಹಾಗೆ ತಲೆ ಪೂರ್ತಿ ಬಗ್ಗಿಸಿ, ಎರಡು ಸಲ ಅಲ್ಲಾಡಿಸುವುದು. ಮೊದಲ ಫ್ರೇಮ್ ಜಾರಿತು. ಎರಡನೆಯದು ನಿಂತಿತು, ಆದರೆ ಕಿವಿಯ ಹಿಂದೆ ಒತ್ತುತ್ತಿತ್ತು. ಕಡ್ಡಿಯ ತುದಿಯನ್ನು ಬಿಸಿ ಮಾಡಿ ಬಗ್ಗಿಸಿ ಸರಿಮಾಡಿದೆ. ಒತ್ತುವ ಕನ್ನಡಕವನ್ನು ವಯಸ್ಸಾದವರು ಸದ್ದಿಲ್ಲದೆ ತೆಗೆದಿಡುತ್ತಾರೆ, ಯಾರಿಗೂ ಹೇಳುವುದಿಲ್ಲ.

ಬಿಸಿಲಿಗೆ ಈ ಫ್ರೇಮ್‌ಗೇ ಸಿಕ್ಕಿಸುವ, ಮೇಲಕ್ಕೆ ಮಡಚುವ ತಂಪು ಗಾಜು ಕೊಟ್ಟೆವು. ಬಣ್ಣ ಮಧ್ಯಮ. ತುಂಬಾ ಕಡುಕಪ್ಪಾದರೆ ನೆರಳಿನ ಗುಂಡಿ ಕಾಣುವುದಿಲ್ಲ. ಬಾಗಿಲ ಹತ್ತಿರ ಬಂದಾಗ ಒಂದು ಬೆರಳಲ್ಲಿ ಮೇಲೆತ್ತಿದರೆ ಸಾಕು, ತಿಳಿಯಾಗಲು ಕಾಯಬೇಕಿಲ್ಲ. ಮಗಳ ಅಂಗೈ ಮಾಡಿದ ಕೆಲಸಕ್ಕೆ ಅಂಚು ಅಗಲವಾದ ಒಂದು ಬಟ್ಟೆ ಟೋಪಿ.

ಮನೆಯ ಬೆಳಕು

ಮನೆಯ ಕೆಲವು ಫೋಟೋ ಕಳಿಸಲು ಹೇಳಿದ್ದೆ. ಅಮ್ಮ ಓದುವ ಕುರ್ಚಿ ದೊಡ್ಡ ಕಿಟಕಿಗೆ ಮುಖ ಮಾಡಿತ್ತು. ಬೆಳಕು ಚೆನ್ನಾಗಿರಲಿ ಅಂತ ಮನೆಯವರೇ ಹಾಗೆ ಇಟ್ಟಿದ್ದರು. ಬೆಳಕು ಪುಟದ ಮೇಲೆ ಬೀಳಬೇಕು, ಇಲ್ಲಿ ಅದು ನೇರ ಕಣ್ಣಿಗೆ ಬೀಳುತ್ತಿತ್ತು. ಕುರ್ಚಿ ತಿರುಗಿಸಿ ಕಿಟಕಿ ಎಡಭುಜದ ಹಿಂದೆ ಬರುವಂತೆ ಮಾಡಿದರು.

60 ವರ್ಷದವರ ಒಳಪರದೆಗೆ ತಲುಪುವ ಬೆಳಕು 20 ವರ್ಷದವರದ್ದರ ಮೂರರಲ್ಲಿ ಒಂದು ಪಾಲು ಮಾತ್ರ. ಪಾಪೆ ಚಿಕ್ಕದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಆದ್ದರಿಂದ ಅಮ್ಮನಿಗೆ ಬೆಳಕು ಜಾಸ್ತಿಯೇ ಬೇಕು. ಅದೇ ಬೆಳಕು ಜಾಸ್ತಿಯಾದರೆ ಕೋರೈಸುತ್ತದೆ. ಈ ಎರಡರ ನಡುವೆ ದಾರಿ ಬಲ್ಬಿನ ಶಕ್ತಿಯಲ್ಲಿಲ್ಲ, ಅದನ್ನು ಇಡುವ ಜಾಗದಲ್ಲಿದೆ. ಛಾವಣಿಯ ದೀಪ ಬದಲಿಸುವ ಬದಲು ಒಂದು ಮೇಜಿನ ದೀಪ ತಂದರು. ದೀಪವನ್ನು ಪುಟಕ್ಕೆ ಅರ್ಧ ದೂರಕ್ಕೆ ತಂದರೆ ಪುಟದ ಮೇಲಿನ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಅದರ ಟೋಪಿ ಬೆಳಕು ಹಾಯದಂಥದ್ದು. ಕುರ್ಚಿಯಲ್ಲಿ ಕೂತಾಗ ಬಲ್ಬ್ ಕಣ್ಣಿಗೆ ಕಾಣಬಾರದು. ಕಂಡರೆ ದೀಪ ತಪ್ಪು ಜಾಗದಲ್ಲಿದೆ.

ಮೆಟ್ಟಿಲಿನ ಹತ್ತಿರದ ದೀಪವನ್ನು ಹಗಲಲ್ಲೂ ಉರಿಸಿಡಲು ಹೇಳಿದೆ. ಪ್ರತಿ ಮೆಟ್ಟಿಲಿನ ಅಂಚಿಗೆ ಬೇರೆ ಬಣ್ಣದ, ಹೊಳೆಯದ ಪಟ್ಟಿ ಅಂಟಿಸಿದರು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲಿಗಿಂತ ಕೆಳಗೆ ಎರಡು ಮಂದ ದೀಪ ಹಾಕಿದರು.

ಏನಾಯಿತು

ಮೊದಲ ಹತ್ತು ದಿನ ಮೆಟ್ಟಿಲಿಗೆ ಒಬ್ಬರೇ ಹೋಗಬಾರದು ಅಂತ ಹೇಳಿದ್ದೆ. ಹಾಗೇ ನಡೆದುಕೊಂಡರು. ಎರಡನೇ ವಾರದಿಂದ ಬೆಳಗಿನ ನಡಿಗೆ ಮತ್ತೆ ಶುರುವಾಯಿತು.

ಮೂರನೇ ವಾರ ನಾನು ಯೋಚಿಸದೇ ಬಿಟ್ಟ ಒಂದು ತಪ್ಪು ಹೊರಬಿತ್ತು. ಬಾಗಿಲ ಗಂಟೆ ಬಾರಿಸಿತು, ಓದುತ್ತಿದ್ದ ಅಮ್ಮ ಓದುವ ಕನ್ನಡಕದಲ್ಲೇ ಎದ್ದು ನಡೆದರು. ಹೊಸ್ತಿಲಿಗೆ ಕಾಲು ತಾಗಿತು, ಗೋಡೆ ಹಿಡಿದುಕೊಂಡರು. ಎರಡೂ ಫ್ರೇಮ್ ಒಂದೇ ಕಂದು ಬಣ್ಣದ್ದಾಗಿದ್ದವು. ಒಂದರಂತೆ ಇನ್ನೊಂದು. ಅದನ್ನು ಆರಿಸಿಕೊಟ್ಟದ್ದು ನಾನೇ. ಓದುವ ಕನ್ನಡಕವನ್ನು ಅರ್ಧ ಗಾಜಿನ ಕೆಂಪು ಫ್ರೇಮ್‌ಗೆ ಬದಲಿಸಿದೆವು. ಈಗ ತಲೆ ಎತ್ತಿದರೆ ಗಾಜಿನ ಮೇಲಿಂದ ನೋಟ ಹಾಯುತ್ತದೆ. ಕುರ್ಚಿಯ ಕೈಗೆ ಒಂದು ಚೀಲ ಕಟ್ಟಿ ಕೆಂಪು ಕನ್ನಡಕ ಆ ಚೀಲ ಬಿಟ್ಟು ಹೋಗಬಾರದು ಅಂತ ಮಗಳು ನಿಯಮ ಮಾಡಿದಳು. ಅಂದಿನಿಂದ ಎರಡು ಕನ್ನಡಕ ಕೊಡುವವರಿಗೆಲ್ಲ ಬಣ್ಣವೂ ಬೇರೆ, ಮುಟ್ಟಿದರೆ ತಿಳಿಯುವ ಆಕಾರವೂ ಬೇರೆ ಇರುವಂತೆ ನೋಡಿಕೊಳ್ಳುತ್ತೇನೆ.

ಆರನೇ ವಾರ ಟಾರ್ಚ್ ಪರೀಕ್ಷೆ ಮತ್ತೆ ಮಾಡಿದೆ. ಟೋಪಿ ಇಲ್ಲದೆ 6/24, ಟೋಪಿಯೊಂದಿಗೆ 6/9. ಕಣ್ಣು ಬದಲಾಗಿರಲಿಲ್ಲ.

ಐದನೇ ತಿಂಗಳಿಗೆ ಬದಲಾಗಿತ್ತು. ಬಲಗಣ್ಣಿನ ನಂಬರ್ −2.25ಕ್ಕೆ ಜಾರಿತ್ತು. ಸರಿಯಾದ ನಂಬರ್ ಹಾಕಿದರೂ 6/18ಕ್ಕಿಂತ ಮುಂದೆ ಓದಲಾಗಲಿಲ್ಲ, ತೂತಿನ ಫಲಕದಿಂದಲೂ ಏನೂ ಸುಧಾರಿಸಲಿಲ್ಲ. ಮೋಡದ ದಿನವೂ ಕೋರೈಸುತ್ತದೆ ಅಂದರು ಅಮ್ಮ. ಸಂಜೆ ಹೊರಗೆ ಹೋಗುವುದನ್ನು ಬಿಟ್ಟಿದ್ದರು. ಇನ್ನೊಂದು ಗಾಜು ಮಾಡಿಸೋಣ ಅಂತ ಮಗಳು ಕೇಳಿದಾಗ ಬೇಡ ಅಂದೆ. ಪೊರೆ ಹಣ್ಣಾಗಲಿ ಅಂತ ಕಾಯುವ ಕಾಲ ಇದಲ್ಲ. ದಿನದ ಕೆಲಸಕ್ಕೆ ಅಡ್ಡ ಬಂದಾಗಲೇ ಆಪರೇಷನ್ ಬಗ್ಗೆ ಮಾತಾಡಬಹುದು. ಐದು ತಿಂಗಳ ನಂಬರ್‌ಗಳನ್ನೂ ಟಾರ್ಚ್ ಪರೀಕ್ಷೆಯ ಫಲವನ್ನೂ ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ಕಳಿಸಿದೆ. ಎಡಗಣ್ಣಿನ ನಂಬರ್ +0.50 ಅಂತಲೂ ಬರೆದೆ. ಬಲಗಣ್ಣಿಗೆ ಯಾವ ಶಕ್ತಿಯ ಮಸೂರ ಹಾಕಬೇಕು ಅನ್ನುವಾಗ ಜೊತೆಯ ಕಣ್ಣಿನದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಬಲಗಣ್ಣಿನ ಆಪರೇಷನ್‌ಗೆ ಈಗ ದಿನ ಗೊತ್ತಾಗಿದೆ. ಗಾಯ ಮಾಗಿ ನಂಬರ್ ನೆಲೆ ನಿಲ್ಲಲು ಕೆಲವು ವಾರ ಬೇಕು. ಆಮೇಲೆ ಕಂದು ಫ್ರೇಮ್‌ನಲ್ಲಿ ಬಲಗಡೆಯ ಗಾಜು ಮಾತ್ರ ಬದಲಿಸುತ್ತೇವೆ. ಫ್ರೇಮ್ ಹೊಸದರ ಹಾಗೇ ಇದೆ. ಅಂಗಡಿಯ ಪ್ರೋಗ್ರೆಸಿವ್ ಕನ್ನಡಕವನ್ನು ಏನು ಮಾಡಲಿ ಅಂತ ಅಮ್ಮ ಕೇಳಿದರು. ಕೈಗೆ ಸಿಗದ ಕಡೆ ಇಡಿ ಅಂದೆ.